ಹೆಕ್ಸೇನ್ ಐಸೋಮರ್ ಎಣಿಸುವಾಗ ಮೂರು ರಸ್ತೆ, ನಾಲ್ಕು ರಸ್ತೆ ಲೆಕ್ಕ

ಪ್ರಶ್ನೆ: C6H14 ಗೆ ಐದೇ ಐಸೋಮರ್ ಅಂತ ಪುಸ್ತಕದಲ್ಲಿದೆ. ನಾನು ಬರೆದರೆ ಒಮ್ಮೆ ಏಳು ಬರುತ್ತೆ, ಒಮ್ಮೆ ನಾಲ್ಕು. ಒಂದೂ ಬಿಟ್ಟುಹೋಗದ ಹಾಗೆ, ಒಂದೂ ಎರಡು ಸಲ ಬರದ ಹಾಗೆ ಎಣಿಸೋದು ಹೇಗೆ?

ನಾನು ಬಸವನಗುಡಿಯಲ್ಲಿ ಮನೆಯಲ್ಲೇ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡ್ತೀನಿ. ಏಳು ಬರೆಯುವವರನ್ನು ಪ್ರತಿ ವರ್ಷ ನೋಡುತ್ತೇನೆ. ಹೋದ ವರ್ಷ ಒಬ್ಬ ಹುಡುಗಿ ತಂದ ಪಟ್ಟಿಯಲ್ಲಿ ಸರಿಯಾದ ಐದೂ ಇದ್ದವು. ಜೊತೆಗೆ 4-ಮೀಥೈಲ್‌ಪೆಂಟೇನ್, 2-ಈಥೈಲ್‌ಬ್ಯೂಟೇನ್ ಅಂತ ಎರಡು ಜಾಸ್ತಿ. ಮೊದಲನೆಯದು 2-ಮೀಥೈಲ್‌ಪೆಂಟೇನ್ ಅನ್ನೇ ಇನ್ನೊಂದು ತುದಿಯಿಂದ ಎಣಿಸಿದ್ದು. ಎರಡನೆಯದರಲ್ಲಿ ಅವಳು ಹಾಳೆಯ ಮೇಲೆ ನೇರವಾಗಿ ಕಾಣುತ್ತಿದ್ದ ನಾಲ್ಕು ಕಾರ್ಬನ್ನುಗಳನ್ನೇ ಉದ್ದದ ಸರಪಳಿ ಅಂದುಕೊಂಡಿದ್ದಳು. ಈಥೈಲ್ ಕಡೆಯಿಂದ ಹೊರಟರೆ ಐದು ಸಿಗುತ್ತೆ, ಅದು 3-ಮೀಥೈಲ್‌ಪೆಂಟೇನ್.

ಅವತ್ತು ಅಡುಗೆಮನೆಯಲ್ಲಿ ಉಸಲಿಗೆ ಅಂತ ಕಡಲೆಕಾಳು ನೆನೆಸಿಟ್ಟಿದ್ದರು. ಒಂದು ಹಿಡಿ ತಂದು, ಪೊರಕೆಯಿಂದ ನಾಲ್ಕು ಕಡ್ಡಿ ಕಿತ್ತು, ಸಣ್ಣಗೆ ಮುರಿದು ಚುಚ್ಚಿ ಎರಡನ್ನೂ ಮಾಡಿಸಿದೆ. ಕಾಳು ಕಾರ್ಬನ್, ಕಡ್ಡಿ ಬಂಧ. ಹೈಡ್ರೋಜನ್ ಬೇಕಿಲ್ಲ, ಕೊನೆಗೆ ಉಳಿದ ಜಾಗ ಅದೇ ತುಂಬುತ್ತೆ. 2-ಈಥೈಲ್‌ಬ್ಯೂಟೇನನ್ನು ಎರಡು ತುದಿ ಹಿಡಿದು ಎಳೆದ ತಕ್ಷಣ ಅವಳಿಗೇ ಗೊತ್ತಾಯಿತು.

ಕಾಳು ಚುಚ್ಚಿ ನೋಡಿದರೆ ಎರಡು ಸಲ ಬಂದಿದ್ದು ಸಿಕ್ಕಿಬೀಳುತ್ತೆ. ಬಿಟ್ಟುಹೋಗಿದ್ದು ಸಿಗಲ್ಲ ಅಲ್ವಾ? ಇಲ್ಲದ್ದನ್ನು ಎಳೆದು ನೋಡೋದು ಹೇಗೆ? ಅದಕ್ಕೇ ನಾನು ಉದ್ದ ಸರಪಳಿ ನಂಬಿಕೊಂಡು ಕೂರಲ್ಲ. ರಸ್ತೆ ಲೆಕ್ಕ ಹಾಕಿಸ್ತೀನಿ.

ಒಂದೊಂದು ಕಾರ್ಬನ್ನಿಗೂ ಎಷ್ಟು ಕಾರ್ಬನ್ ಅಂಟಿದೆ ನೋಡಿ. ಒಂದೇ ಇದ್ದರೆ ಅದು ತುದಿ. ಎರಡಿದ್ದರೆ ದಾರಿ ಮಧ್ಯದ್ದು. ಮೂರಿದ್ದರೆ ಮೂರು ರಸ್ತೆ ಸೇರುವ ಜಾಗ, ನಾಲ್ಕಿದ್ದರೆ ಸರ್ಕಲ್. ಐದು ಆಗಲ್ಲ, ಕಾರ್ಬನ್ನಿಗೆ ಕೈ ನಾಲ್ಕೇ. ಇನ್ನು ನೇರ ಸರಪಳಿಗೆ ಎರಡು ತುದಿ. ಎಲ್ಲೋ ಒಂದು ಮೂರು ರಸ್ತೆ ಬಂದರೆ ಒಂದು ತುದಿ ಜಾಸ್ತಿ ಆಗುತ್ತೆ. ಸರ್ಕಲ್ ಬಂದರೆ ಎರಡು ಜಾಸ್ತಿ. ಉಂಗುರ ಇಲ್ಲದ ಯಾವ ಕಾರ್ಬನ್ ಗೂಡಿಗೂ ಇದು ತಪ್ಪಲ್ಲ.

ಈಗ ಆರು ಕಾಳಿಗೆ ಇದನ್ನು ಹಾಕಿ. ಮೂರು ರಸ್ತೆಯೂ ಇಲ್ಲ, ಸರ್ಕಲ್ಲೂ ಇಲ್ಲ ಅಂದರೆ ನೇರ ಹೆಕ್ಸೇನ್, ಒಂದು. ಒಂದೇ ಮೂರು ರಸ್ತೆ ಇದ್ದರೆ ಆ ಕಾಳು ಬಿಟ್ಟು ಐದು ಉಳಿದವು, ಅವನ್ನು ಮೂರು ಕಾಲಿಗೆ ಹಂಚಬೇಕು. ಐದನ್ನು ಮೂರು ಪಾಲು ಮಾಡೋದು ಎರಡೇ ರೀತಿ: 1+1+3 ಅಥವಾ 1+2+2. ಮೊದಲನೆಯದು 2-ಮೀಥೈಲ್‌ಪೆಂಟೇನ್, ಎರಡನೆಯದು 3-ಮೀಥೈಲ್‌ಪೆಂಟೇನ್. ಮೂರನೆಯದಕ್ಕೆ ಜಾಗವೇ ಇಲ್ಲ. ಮೂರು ರಸ್ತೆ ಸೇರುವ ಜಾಗ ಎರಡಿದ್ದರೆ ತುದಿಗಳು ನಾಲ್ಕು, ಅಲ್ಲಿಗೆ ಆರೂ ಕಾಳು ಖಾಲಿ. ಹಾಗಾಗಿ ಆ ಎರಡು ಅಕ್ಕಪಕ್ಕವೇ ಇರಬೇಕು: 2,3-ಡೈಮೀಥೈಲ್‌ಬ್ಯೂಟೇನ್. ಒಂದು ಸರ್ಕಲ್ ಇದ್ದರೆ ಐದನ್ನು ನಾಲ್ಕು ಕಾಲಿಗೆ ಹಂಚಬೇಕು, 1+1+1+2 ಬಿಟ್ಟು ದಾರಿಯಿಲ್ಲ: 2,2-ಡೈಮೀಥೈಲ್‌ಬ್ಯೂಟೇನ್. ಸರ್ಕಲ್ಲೂ ಮೂರು ರಸ್ತೆಯೂ ಒಟ್ಟಿಗೆ ಬೇಕೆಂದರೆ ತುದಿಗಳೇ ಐದಾಗುತ್ತವೆ, ಒಟ್ಟು ಏಳು ಕಾಳು ಬೇಕು. ನಮ್ಮ ಹತ್ತಿರ ಆರೇ ಇವೆ. ಒಂದು, ಎರಡು, ಒಂದು, ಒಂದು: ಐದು ಮುಗಿಯಿತು.

ಪಟ್ಟಿಯಲ್ಲಿ ಎರಡರ ಮೇಲೆ ಒಂದೇ ಇರಬಹುದಾ ಅಂತ ಅನುಮಾನ ಬಂದರೆ ಹೆಸರು ನೋಡಬೇಡಿ, ಈ ರಸ್ತೆ ಲೆಕ್ಕ ನೋಡಿ. ಲೆಕ್ಕ ಬೇರೆಯಾದರೆ ಗೂಡು ಖಂಡಿತ ಬೇರೆ. ಆದರೆ ಒಂದೇ ಆದರೆ ಗೂಡೂ ಒಂದೇ ಅಂತ ಅಲ್ಲ. ಮೇಲಿನ ಎರಡು ಮೀಥೈಲ್‌ಪೆಂಟೇನ್‌ಗಳಿಗೂ ಮೂರು ತುದಿ, ಎರಡು ಮಧ್ಯದ್ದು, ಒಂದು ಮೂರು ರಸ್ತೆ. ಅಲ್ಲಿ ಕಾಲಿನ ಉದ್ದ ನೋಡಲೇಬೇಕು.

ಇದೇ ಲೆಕ್ಕ C7H16 ಗೆ ಹಾಕಿ ನೋಡಿ, ಒಂಬತ್ತು ಬರಬೇಕು. ಒಂದೇ ಮೂರು ರಸ್ತೆ ಇರುವ ಮನೆಯಲ್ಲಿ ಆರನ್ನು ಮೂರು ಪಾಲು ಮಾಡಬೇಕು: 1+1+4, 1+2+3, 2+2+2. ಈ ಕೊನೆಯದೇ 3-ಈಥೈಲ್‌ಪೆಂಟೇನ್. ಎಂಟು ಬರೆದು ನಿಲ್ಲಿಸುವ ಮಕ್ಕಳು ಬಹುಪಾಲು ಬಿಡೋದು ಇದನ್ನೇ, ಯಾಕೆಂದರೆ ಅವರು ಬರೀ ಮೀಥೈಲ್ ಅಂಟಿಸುತ್ತಾ ಹೋಗಿರ್ತಾರೆ. ಮೂರು ರಸ್ತೆ ಸೇರುವ ಜಾಗ ಎರಡಿದ್ದಾಗ ಒಂದು ಕಾಳು ಹೆಚ್ಚಿಗೆ ಇದೆ, ಅದು ಆ ಎರಡರ ನಡುವೆ ಕೂರಬಹುದು ಅಥವಾ ಒಂದು ಕಾಲಿಗೆ ಸೇರಬಹುದು, ಎರಡು. ಸರ್ಕಲ್ ಒಂದೇ ಇದ್ದರೆ 1+1+1+3 ಮತ್ತು 1+1+2+2, ಎರಡು. ಸರ್ಕಲ್ ಜೊತೆ ಮೂರು ರಸ್ತೆ ಈಗ ಸರಿಯಾಗಿ ಏಳರಲ್ಲಿ ಹಿಡಿಸುತ್ತೆ, ಒಂದು. ನೇರ ಒಂದು ಸೇರಿಸಿ ಒಂಬತ್ತು. ಎಂಟು ಕಾರ್ಬನ್ನಿಗೆ ಹದಿನೆಂಟು, ಅದೂ ಕೈಯಲ್ಲೇ ಆಗುತ್ತೆ. ಅದರಾಚೆ ತಾಳ್ಮೆ ಕೆಡುತ್ತೆ. 1875ರಲ್ಲಿ ಆರ್ಥರ್ ಕೇಲಿ ಎಂಬ ದೊಡ್ಡ ಗಣಿತಜ್ಞ ಹದಿಮೂರು ಕಾರ್ಬನ್ನಿನವರೆಗೆ ಲೆಕ್ಕ ಹಾಕಿದ್ದ. ಹನ್ನೆರಡಕ್ಕೆ 357, ಹದಿಮೂರಕ್ಕೆ 799 ಅಂದ. ಸರಿಯಾದವು 355 ಮತ್ತು 802. ನೀವು ಏಳು ಬರೆದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ.

C6H12 ಕೇಳಿದರೆ ಹೊಸದಾಗಿ ಶುರು ಮಾಡಬೇಕಿಲ್ಲ. ಅದೇ ಐದು ಗೂಡು ತೆಗೆದುಕೊಂಡು ಒಂದೊಂದರಲ್ಲೂ ಎಷ್ಟು ಬಗೆಯ ಬಂಧ ಇದೆ ಎಣಿಸಿ, ಅಷ್ಟು ಕಡೆ ಡಬಲ್ ಬಾಂಡ್ ಇಡಬಹುದು. 2-ಮೀಥೈಲ್‌ಪೆಂಟೇನ್‌ನಲ್ಲಿ ಐದು ಕಡ್ಡಿಗಳಿವೆ, ಆದರೆ ಮೂರು ರಸ್ತೆಯಿಂದ ಹೊರಟ ಎರಡು ಚಿಕ್ಕ ಕಾಲುಗಳು ಒಂದೇ ಥರ. ಹಾಗಾಗಿ ನಾಲ್ಕು. ನೇರ ಹೆಕ್ಸೇನ್ ಮೂರು ಕೊಡುತ್ತೆ, 3-ಮೀಥೈಲ್‌ಪೆಂಟೇನ್ ಮೂರು, 2,3-ಡೈಮೀಥೈಲ್‌ಬ್ಯೂಟೇನ್ ಎರಡು. 2,2-ಡೈಮೀಥೈಲ್‌ಬ್ಯೂಟೇನ್ ಒಂದೇ ಒಂದು, ಯಾಕೆಂದರೆ ಸರ್ಕಲ್ ಕಾರ್ಬನ್ನಿನ ನಾಲ್ಕೂ ಕೈ ಈಗಾಗಲೇ ತುಂಬಿವೆ, ಅದಕ್ಕೆ ಡಬಲ್ ಬಾಂಡ್ ಹಾಕಲಾಗಲ್ಲ. ಒಟ್ಟು ಹದಿಮೂರು.

ಇಲ್ಲಿ ಹೆಸರು ಮತ್ತೆ ಕೈಕೊಡುತ್ತೆ. 3-ಮೀಥೈಲ್‌ಪೆಂಟೇನ್‌ನ ಚಿಕ್ಕ ಕಾಲಿನಲ್ಲಿ ಡಬಲ್ ಬಾಂಡ್ ಇಟ್ಟರೆ ನಮ್ಮ ಪುಸ್ತಕಗಳ ಪದ್ಧತಿಯಲ್ಲಿ ಅದು 2-ಈಥೈಲ್-1-ಬ್ಯೂಟೀನ್ ಆಗುತ್ತೆ. ಮೊದಲ ಪಟ್ಟಿಯಲ್ಲಿ ನಾವು ಹೊಡೆದುಹಾಕಿದ್ದ ಹೆಸರೇ ವಾಪಸ್ ಬಂದ ಹಾಗೆ ಕಾಣುತ್ತೆ. ಗಾಬರಿಯಾಗಿ ತೆಗೆಯಬೇಡಿ, ಇದು ನಿಜವಾದದ್ದೇ. ಇನ್ನು 2-ಹೆಕ್ಸೀನ್‌ನ ಸಿಸ್, ಟ್ರಾನ್ಸ್ ಎರಡನ್ನೂ ಇಲ್ಲಿ ಒಂದಾಗಿಯೇ ಎಣಿಸಿ. ಕೇಳಿರೋದು ಯಾವುದು ಯಾವುದಕ್ಕೆ ಅಂಟಿದೆ ಅನ್ನೋದು ಮಾತ್ರ.

ಪ್ರಶ್ನೆಯಲ್ಲಿ ಆಲ್ಕೀನ್ ಅಂತ ಹೇಳದೆ ಸುಮ್ನೆ C6H12 ಅಂತ ಕೊಟ್ಟಿದ್ದರೆ ಉಂಗುರಗಳೂ ಬರುತ್ತವೆ. ಸರಪಳಿಯ ಎರಡು ತುದಿ ಸೇರಿ ಉಂಗುರ ಆಗಿರುವುದರಿಂದ ತುದಿಗಳ ಲೆಕ್ಕ ಎರಡರ ಬದಲು ಸೊನ್ನೆಯಿಂದ ಶುರು. ಉಂಗುರದ ಸೈಜ್ ಪ್ರಕಾರ ಹೋಗಿ: ಆರರ ಉಂಗುರ ಒಂದು, ಐದರದ್ದು ಒಂದು, ನಾಲ್ಕರದ್ದು ನಾಲ್ಕು, ಮೂರರದ್ದು ಆರು. ಆ ಹನ್ನೆರಡೂ ಸೇರಿದರೆ ಇಪ್ಪತ್ತೈದು. ಮೂರರ ಉಂಗುರದಲ್ಲಿ ಐದೇ ಸಿಕ್ಕರೆ, ಐಸೋಪ್ರೊಪೈಲ್ ಅಂಟಿಸಿದ್ದೀರಾ ಅಂತ ಮೊದಲು ನೋಡಿ.