ಅಳತೆ ಕೊಠಡಿಯವರನ್ನು ತುರ್ತಾಗಿ ಕೇಳುವುದು ಹೇಗೆ?

ಪ್ರಶ್ನೆ: ಕೋಲಾರದಿಂದ ಕಂಪನಿ ಬಸ್ಸಿನಲ್ಲಿ ನರಸಾಪುರ ಕೈಗಾರಿಕಾ ಪ್ರದೇಶಕ್ಕೆ ಓಡಾಡುತ್ತೇನೆ. ಅಲ್ಲಿ ವಾಹನದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಯೋಜನಾ ವಿಭಾಗದಲ್ಲಿದ್ದೇನೆ. ಕಳೆದ ತಿಂಗಳು ಡಿಸ್ಪ್ಯಾಚ್ ತಪ್ಪಿಹೋಗುವ ಭಯದಲ್ಲಿ ಗುಣಮಟ್ಟ ವಿಭಾಗದಲ್ಲಿ ಬಿಡಿಭಾಗಗಳನ್ನು ಸೂಕ್ಷ್ಮವಾಗಿ ಅಳೆಯುವ ಸಿಎಂಎಂ ಯಂತ್ರ ನೋಡಿಕೊಳ್ಳುವ ಹಿರಿಯರಿಗೆ, "ಅರ್ಧ ಗಂಟೆಯ ಕೆಲಸ, ತುರ್ತು, ಇಂದೇ ಮಾಡಿಕೊಡಿ" ಎಂದು ಮೇಲ್ ಬರೆದು ಇಬ್ಬರು ಮ್ಯಾನೇಜರ್‌ಗಳಿಗೂ ಪ್ರತಿ ಕಳಿಸಿದೆ. "ಸರದಿಯಲ್ಲಿದೆ" ಎಂದಷ್ಟೇ ಉತ್ತರ ಬಂತು. ಅಂದಿನಿಂದ ಅವರು ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ. ಎರಕದ ಅಚ್ಚಾದ ಡೈ ರಿಪೇರಿಯಾದ ಮೇಲೆ ತಯಾರಾದ ಅಲ್ಯೂಮಿನಿಯಂ ಹೌಸಿಂಗ್‌ಗಳು ಮುಂದಿನ ಬುಧವಾರ ಬರುತ್ತವೆ, ಗುರುವಾರ ಸಂಜೆ ಆರಕ್ಕೆ ಗಾಡಿ ಹೊರಡಬೇಕು. ಮತ್ತೆ ಅವರನ್ನೇ ಕೇಳಬೇಕಾಗಿದೆ. ದರ್ಪವೆನಿಸದಂತೆ, ಹಾಗೆಂದು ಕಾಲಿಗೆ ಬಿದ್ದಂತೆಯೂ ಆಗದಂತೆ ಹೇಗೆ ಕೇಳಲಿ?
— ಒಬ್ಬ ಓದುಗಳು, ಕೋಲಾರ

ಉತ್ತರ: ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ತುಮಕೂರಿನ ಕಡೆಯ ಒಂದು ಕಾರ್ಖಾನೆಯ ಅಳತೆ ಕೊಠಡಿಯಲ್ಲಿ ಕೆಲಸ ಮಾಡಿದವನು. ನಿಮ್ಮಂಥ ಮೇಲ್‌ಗಳು ಬಂದು ಬೀಳುತ್ತಿದ್ದುದು ನನ್ನ ಮೇಜಿನ ಮೇಲೆಯೇ. ಆದ್ದರಿಂದ ಆ ಹಿರಿಯರಿಗೆ ನೋವಾದದ್ದು ಎಲ್ಲಿ ಎಂಬುದನ್ನು ನಾನು ಊಹಿಸಬಲ್ಲೆ. "ತುರ್ತು" ಎಂಬ ಮಾತು ಯಾರನ್ನೂ ನೋಯಿಸುವುದಿಲ್ಲ, ಕಾರ್ಖಾನೆಯಲ್ಲಿ ಅದನ್ನು ದಿನಕ್ಕೆ ಹತ್ತು ಬಾರಿ ಕೇಳುತ್ತೇವೆ. ಪ್ರತಿ ಕಳಿಸಿದ್ದನ್ನೂ ಅವರು ಕಾಲಕ್ರಮದಲ್ಲಿ ಮರೆತಾರು. ಚುಚ್ಚಿದ್ದು "ಅರ್ಧ ಗಂಟೆಯ ಕೆಲಸ" ಎಂಬ ಮಾತು. ಇನ್ನೊಬ್ಬರ ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು, ಆ ಕೆಲಸ ಮಾಡದ ನೀವು ಇಬ್ಬರು ಮೇಲಧಿಕಾರಿಗಳ ಮುಂದೆ ತೀರ್ಮಾನಿಸಿಬಿಟ್ಟಿರಿ. ಅದಾದ ಮೇಲೆ ಅವರು ಮೂರು ಗಂಟೆ ತೆಗೆದುಕೊಂಡಿದ್ದರೆ ಸೋಮಾರಿ ಎನಿಸಿಕೊಳ್ಳುತ್ತಿದ್ದರು, ಅರ್ಧ ಗಂಟೆಯಲ್ಲಿ ಮುಗಿಸಿದ್ದರೆ ತಪ್ಪು ಅಳತೆಗೆ ಸಹಿ ಹಾಕಬೇಕಾಗುತ್ತಿತ್ತು.

ಈ ಕಡೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನೀವು ಕೇಳಬೇಕಾದ ರೀತಿ ಅದರೊಳಗೇ ಇದೆ. ಡ್ರಾಯಿಂಗ್‌ನಲ್ಲಿ ಬರೆದಿರುವ ಅಳತೆಗಳು ಅಂತರರಾಷ್ಟ್ರೀಯ ರೂಢಿಯಂತೆ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಹೇಳಿದವು. ಅಳತೆ ಕೊಠಡಿಯನ್ನು ಬೇಸಿಗೆಯಲ್ಲೂ ಅಷ್ಟು ತಣ್ಣಗೆ ಇಡುವುದು ಆ ಕಾರಣಕ್ಕೆ. ಅಲ್ಯೂಮಿನಿಯಂ ಒಂದು ಮೀಟರ್ ಉದ್ದಕ್ಕೆ, ಉಷ್ಣತೆ ಒಂದು ಡಿಗ್ರಿ ಏರಿದಾಗ, ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಒಮ್ಮೆ ಡಿಸ್ಪ್ಯಾಚ್‌ನವರ ಒತ್ತಾಯಕ್ಕೆ ಮಣಿದು, ತೊಳೆಯುವ ಯಂತ್ರದಿಂದ ಆಗಷ್ಟೇ ಹೊರಬಂದು ಕೈಗೆ ಬೆಚ್ಚಗೆ ತಾಗುತ್ತಿದ್ದ ಒಂದು ಹೌಸಿಂಗನ್ನು ನಾನು ನೇರವಾಗಿ ಯಂತ್ರದ ಮೇಲಿಟ್ಟೆ. ಅದರ ಎರಡು ರಂಧ್ರಗಳ ನಡುವಣ ಅಂತರ 180 ಮಿಲಿಮೀಟರ್, 0.05ರಷ್ಟು ಮಾತ್ರ ಹೆಚ್ಚುಕಡಿಮೆ ಇರಬಹುದಿತ್ತು. ಅದು 0.06 ಹೆಚ್ಚು ತೋರಿಸಿತು. ನಾನು "ತಿರಸ್ಕೃತ" ಎಂದು ಬರೆದೆ, ಇಡೀ ಲಾಟ್ ನಿಂತಿತು, ಗಾಡಿ ಖಾಲಿಯಾಗಿ ಹೋಯಿತು. ಮರುದಿನ ಬೆಳಿಗ್ಗೆ ಅದೇ ತುಂಡನ್ನು ಅದೇ ಪ್ರೋಗ್ರಾಂನಲ್ಲಿ ಅಳೆದಾಗ 0.01 ಕಡಿಮೆ ಬಂತು, ಎಂದರೆ ಏನೂ ದೋಷವಿರಲಿಲ್ಲ. 38 ಡಿಗ್ರಿಯಷ್ಟು ಬೆಚ್ಚಗಿದ್ದ ತುಂಡು ಅಷ್ಟು ಅಂತರದಲ್ಲಿ 0.07 ಮಿಲಿಮೀಟರ್ ಹಿಗ್ಗುತ್ತದೆ ಎಂಬ ಲೆಕ್ಕ ನನಗೆ ಗೊತ್ತಿತ್ತು, ಆದರೂ ಬಾಗಿಲಲ್ಲಿ ಒಬ್ಬರು ಗಡಿಯಾರ ನೋಡುತ್ತ ನಿಂತಿದ್ದರು. ನನ್ನನ್ನು ಒತ್ತಾಯಿಸಿದವರ ಹೆಸರು ಯಾವ ವರದಿಯಲ್ಲೂ ಬರಲಿಲ್ಲ, ಸಹಿ ನನ್ನದಾಗಿತ್ತು.

ನಿಮ್ಮ ಹಿರಿಯರೂ ಇಂಥದ್ದೊಂದನ್ನು ಕಂಡಿರದೆ ಇರಲಾರರು. ಆದ್ದರಿಂದ ನೀವು ಅವರ ಬಳಿ ಹೋಗುವಾಗ ಕೇಳಬೇಕಾದದ್ದು ಅವರ ವೇಗವನ್ನಲ್ಲ; ಅವರ ಯಂತ್ರದ ಸರದಿಯಲ್ಲಿ ಒಂದು ಜಾಗವನ್ನು. ಉಳಿದದ್ದರಲ್ಲಿ ನಿಮ್ಮ ಕೈಯಲ್ಲಿ ಆಗುವಷ್ಟನ್ನೂ ಮೊದಲೇ ಮುಗಿಸಿಕೊಂಡು ಹೋಗಬೇಕು. ಮೂರು ತುಂಡುಗಳನ್ನು ತೊಳೆಸಿ, ಅಂಚಿನ ಬರ್ ತೆಗೆಸಿ, ಒಂದೊಂದಕ್ಕೂ ನಂಬರ್ ಹಾಕಿಸಿ. ಡ್ರಾಯಿಂಗ್‌ನ ಈಗಿನ ರಿವಿಷನ್ ಯಾವುದೆಂದು ವಿನ್ಯಾಸದವರಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಹಳೆಯ ರಿವಿಷನ್ ಹಿಡಿದು ಬಂದವರಿಂದ ನಮ್ಮ ಕೊಠಡಿಯಲ್ಲಿ ವ್ಯರ್ಥವಾದ ಹೊತ್ತು ಕಡಿಮೆಯೇನಲ್ಲ. ಬುಧವಾರ ಸಂಜೆ ಐದಕ್ಕೆ ಅವು ಅಳತೆ ಕೊಠಡಿಯ ಒಳಗೆ ಸೇರಿದರೆ ರಾತ್ರಿಯಿಡೀ ತಣಿದು ಗುರುವಾರ ಬೆಳಿಗ್ಗೆ ಅಳೆಯಲು ಸಿದ್ಧವಿರುತ್ತವೆ. ಇಂಥ ತುಂಡನ್ನು ನಾವು ಕನಿಷ್ಠ ನಾಲ್ಕು ಗಂಟೆ ಬಿಡುತ್ತಿದ್ದೆವು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಬಿಸಿ ತುಂಡು ಹಿಡಿದುಕೊಂಡು ಹೋದರೆ, ಎಷ್ಟೇ ಒಳ್ಳೆಯ ಮಾತಿನಲ್ಲಿ ಕೇಳಿದರೂ ಅವರಿಗೆ ಒಪ್ಪಲು ದಾರಿಯಿರುವುದಿಲ್ಲ.

ಡೈ ರಿಪೇರಿಯಾದ ಮೇಲೆ ಡ್ರಾಯಿಂಗ್‌ನ ಎಲ್ಲ ಅಳತೆಗಳನ್ನೂ ನೋಡಬೇಕೇ, ರಿಪೇರಿಯಾದ ಭಾಗಕ್ಕೆ ಸಂಬಂಧಿಸಿದವನ್ನಷ್ಟೇ ನೋಡಿದರೆ ಸಾಕೇ ಎಂಬುದು ದೊಡ್ಡ ಪ್ರಶ್ನೆ. ಅರವತ್ತು ಅಳತೆಗಳ ಕೆಲಸ ಒಂಬತ್ತಕ್ಕೆ ಇಳಿದರೆ ಯಾರಿಗಾದರೂ ಹಗುರವಾಗುತ್ತದೆ. ಆದರೆ ಇದನ್ನು ನೀವು ತೀರ್ಮಾನಿಸಬೇಡಿ. ಡೈ ವಿಭಾಗದವರಿಂದ ಯಾವ ಪಿನ್ ಬದಲಾಯಿಸಿದರು, ಎಲ್ಲಿ ವೆಲ್ಡಿಂಗ್ ಮಾಡಿದರು ಎಂಬುದನ್ನು ಬರೆಸಿಕೊಂಡು ಹೋಗಿ ಅವರ ಮುಂದಿಡಿ. ಎಷ್ಟು ಅಳೆದರೆ ಸಾಕು, ಅದನ್ನು ಗಿರಾಕಿ ಒಪ್ಪುತ್ತಾರೆಯೇ ಎಂಬುದನ್ನು ಗುಣಮಟ್ಟ ವಿಭಾಗವೇ ಹೇಳಲಿ. ಮಾಹಿತಿ ತಂದುಕೊಟ್ಟು ನಿರ್ಧಾರವನ್ನು ಅವರಿಗೆ ಬಿಟ್ಟಾಗ, ಗೌರವ ಕೊಡುತ್ತಿದ್ದೇನೆಂದು ಬಾಯಲ್ಲಿ ಹೇಳುವ ಅಗತ್ಯ ಬೀಳುವುದಿಲ್ಲ.

ಇನ್ನು ಕೇಳುವ ದಿನ. ಸೋಮವಾರ ಕೇಳಿ. ಬುಧವಾರ ತುಂಡುಗಳು ಬರುತ್ತವೆಂದು ನಿಮಗೆ ಇಂದೇ ಗೊತ್ತಿದೆ, ಹೀಗಿರುವಾಗ ಗುರುವಾರ ಬೆಳಿಗ್ಗೆ ಅದು ತುರ್ತಾಗಿ ಅವರ ಬಾಗಿಲಿಗೆ ಬಂದರೆ ಆ ತುರ್ತನ್ನು ತಂದವರು ನೀವೇ ಆಗುತ್ತೀರಿ. ಸೋಮವಾರ ಶಿಫ್ಟ್ ಆರಂಭದ ಗಡಿಬಿಡಿ ಮುಗಿದ ಮೇಲೆ, ಅವರು ಯಂತ್ರದ ಪ್ರೋಬನ್ನು ಅಳತೆಗೋಳದ ಮೇಲೆ ಪರೀಕ್ಷಿಸಿ ಮುಗಿಸಿರುವ ಹೊತ್ತಿಗೆ, ನೀವೇ ನಡೆದು ಹೋಗಿ. ಹೋದ ಕೂಡಲೇ ಹಳೆಯ ಮೇಲ್‌ನ ವಿಷಯವನ್ನು ಒಂದೇ ವಾಕ್ಯದಲ್ಲಿ ಎತ್ತಿ: "ಸರ್, ಅರ್ಧ ಗಂಟೆ ಎಂದು ಬರೆದದ್ದು ನನ್ನ ತಪ್ಪು, ಆ ಕೆಲಸ ನನಗೆ ತಿಳಿದಿರಲಿಲ್ಲ." ಇದನ್ನು ಹೇಳಿದ ಬೆನ್ನಿಗೇ ಹೊಸ ಕೆಲಸ ಕೇಳಿದರೆ ಕ್ಷಮೆ ಬರೀ ಪೀಠಿಕೆಯಂತೆ ಕೇಳಿಸುತ್ತದೆಂಬ ಅಳುಕು ನಿಮಗಿದ್ದರೆ, ಅದು ಸರಿಯಾದ ಅಳುಕೇ, ಸಾಧ್ಯವಾದರೆ ಈ ವಾರವೇ, ಯಾವ ಕೆಲಸವೂ ಇಲ್ಲದ ದಿನ ಹೋಗಿ ಹೇಳಿಬನ್ನಿ. ಮೇಲ್ ಮೂವರ ಕಣ್ಣಿಗೆ ಬಿದ್ದಿದ್ದರಿಂದ, ಅದೇ ಮೂವರಿಗೆ "ಅಳತೆಗೆ ಬೇಕಾದ ಸಮಯವನ್ನು ನಾನು ತಪ್ಪಾಗಿ ಬರೆದಿದ್ದೆ" ಎಂಬ ಒಂದು ಸಾಲು ಹೋಗುವುದೂ ನ್ಯಾಯ. ಅದಕ್ಕಿಂತ ಹೆಚ್ಚಿನ ವಿವರಣೆ ಬೇಡ.

ಸೋಮವಾರದ ಮಾತನ್ನು ನಾನಾಗಿದ್ದರೆ ಹೀಗೆ ಆಡುತ್ತಿದ್ದೆ:

"ಸರ್, ಡೈ ರಿಪೇರಿಯಾದ ಮೂರು ಹೌಸಿಂಗ್ ಬುಧವಾರ ಸಂಜೆ ಐದಕ್ಕೆ ತಣಿಯಲು ತಂದಿಡುತ್ತೇನೆ. ಗುರುವಾರ ಸಂಜೆ ಆರಕ್ಕೆ ಗಾಡಿ. ವರದಿ ಇಲ್ಲದೆ ಗಿರಾಕಿ ಮಾಲು ಇಳಿಸಿಕೊಳ್ಳುವುದಿಲ್ಲ. ಗುರುವಾರ ಬೆಳಿಗ್ಗೆ ನಿಮ್ಮ ಸರದಿಯಲ್ಲಿ ಏನೇನಿದೆ? ಇದನ್ನು ನಡುವೆ ಸೇರಿಸಿದರೆ ಯಾರ ಕೆಲಸ ಹಿಂದಕ್ಕೆ ಬೀಳುತ್ತದೆ?"

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ನೀವು ಒಬ್ಬರನ್ನು ಕೇಳುತ್ತಿದ್ದೀರಿ ಎನಿಸಿದರೂ ನಿಜವಾಗಿ ಕೇಳುತ್ತಿರುವುದು ಸರದಿಯಲ್ಲಿ ನಿಮಗಿಂತ ಮುಂದಿರುವ ಇನ್ನೊಬ್ಬರ ಹೊತ್ತನ್ನು. ಗುರುವಾರ ಬೆಳಿಗ್ಗೆಯ ಜಾಗ ಮಷಿನ್ ಶಾಪಿನವರದ್ದಾಗಿದ್ದರೆ, ಅವರ ಕೆಲಸ ಮಧ್ಯಾಹ್ನಕ್ಕೆ ಜಾರಿದಾಗ ಬೈಸಿಕೊಳ್ಳುವವರು ಸಿಎಂಎಂ ಮುಂದಿರುವ ಆ ಹಿರಿಯರೇ. ಆದ್ದರಿಂದ ಅವರು ಹೆಸರು ಹೇಳಿದ ಮೇಲೆ, "ನಾನೇ ಹೋಗಿ ಅವರನ್ನು ಕೇಳಿಬರುತ್ತೇನೆ, ಅವರು ಒಪ್ಪಿದರೆ ಮಾತ್ರ ಮಾಡಿಕೊಡಿ" ಎಂದು ಹೇಳಿ, ಹೇಳಿದಂತೆ ಹೋಗಿ. ಮಷಿನ್ ಶಾಪಿನವರು ಎರಡು ಗಂಟೆ ಕಾಯಬಲ್ಲೆವೆಂದರೆ ಅದನ್ನು ಅವರಿಂದಲೇ ಫೋನಿನಲ್ಲಿ ಹೇಳಿಸಿ. ನನ್ನ ಕೊಠಡಿಗೆ ಹೀಗೆ ಸರದಿಯ ಜಗಳವನ್ನು ತಾವೇ ಬಗೆಹರಿಸಿಕೊಂಡು ಬಂದವರು ಇಷ್ಟು ವರ್ಷದಲ್ಲಿ ಬೆರಳೆಣಿಕೆಯಷ್ಟು ಜನ. ಅವರ ಕೆಲಸಕ್ಕೆ ನಾನು ಊಟದ ಹೊತ್ತನ್ನೂ ಬಿಟ್ಟಿದ್ದೇನೆ.

ಆಗುವುದಿಲ್ಲ ಎಂದರೆ? ಆ ಸಾಧ್ಯತೆ ಇಲ್ಲದ ಕೋರಿಕೆ ಆಜ್ಞೆಯೇ ಆಗಿಬಿಡುತ್ತದೆ, ಆದ್ದರಿಂದ ಅದಕ್ಕೆ ನೀವು ಸಿದ್ಧರಾಗಿಯೇ ಹೋಗಬೇಕು. ಆಗ "ಗುರುವಾರ ಮಧ್ಯಾಹ್ನದೊಳಗೆ ಎಷ್ಟು ಆಗಬಹುದು?" ಎಂದು ಕೇಳಿ. ಮೂರರಲ್ಲಿ ಒಂದೇ ತುಂಡಿನ ವರದಿ ಸಾಕೆಂದು ಗಿರಾಕಿ ಒಪ್ಪಬಹುದು. ಕೆಲವು ವ್ಯಾಸಗಳನ್ನು ಬೋರ್ ಗೇಜಿನಲ್ಲಿ, ಎತ್ತರಗಳನ್ನು ಹೈಟ್ ಗೇಜಿನಲ್ಲಿ ಮೇಜಿನ ಮೇಲೆಯೇ ನೋಡಬಹುದೆಂದು ಅವರೇ ಸೂಚಿಸಬಹುದು. ರಂಧ್ರಗಳ ಸ್ಥಾನವನ್ನು ಮಾತ್ರ ಹಾಗೆ ನಂಬುವಂತೆ ನೋಡಲಾಗುವುದಿಲ್ಲ, ಅದಕ್ಕೆ ಯಂತ್ರವೇ ಬೇಕು. ಇದ್ಯಾವುದೂ ಆಗದಿದ್ದರೆ ಮ್ಯಾನೇಜರ್ ಬಳಿ ಹೋಗುವುದು ತಪ್ಪೇನಲ್ಲ. ಯಾವ ಕೆಲಸ ಮೊದಲು ಎಂದು ತೀರ್ಮಾನಿಸುವ ಅಧಿಕಾರ ನಿಮಗೂ ಇಲ್ಲ, ಆ ಹಿರಿಯರಿಗೂ ಇಲ್ಲ, ಮ್ಯಾನೇಜರ್‌ಗೆ ಇದೆ. ಆ ಹಿರಿಯರಿಗೆ ತಿಳಿಯದಂತೆ ಹೋಗುವುದು ತಪ್ಪು. "ಸರ್, ಎರಡೂ ಕೆಲಸ ಅಗತ್ಯವಾಗಿರುವುದರಿಂದ ಯಾವುದು ಮೊದಲೆಂದು ಮ್ಯಾನೇಜರ್ ಹೇಳಲಿ, ಇಬ್ಬರೂ ಹೋಗಿ ಕೇಳೋಣವೇ?" ಎಂದರೆ ಅದು ದೂರು ಹೇಳಿದಂತಾಗುವುದಿಲ್ಲ.

ಕಾಲಿಗೆ ಬಿದ್ದಂತಾಗಬಾರದು ಎಂದಿರಲ್ಲ, ಆ ಬಗ್ಗೆ ಇಷ್ಟೇ ಹೇಳುತ್ತೇನೆ: "ದಯವಿಟ್ಟು", "ನಿಮ್ಮಿಂದಲೇ ಆಗಬೇಕು", "ನನ್ನ ಕೆಲಸ ಹೋಗುತ್ತದೆ" ಎಂಬಂಥ ಮಾತುಗಳನ್ನು ಪೇರಿಸಬೇಡಿ. ಕೇಳಿಸಿಕೊಳ್ಳುವವರಿಗೆ ಅವೂ ಒತ್ತಡವೇ. ಗಾಡಿಯ ಸಮಯ, ಗಿರಾಕಿಯ ಷರತ್ತು, ತಡವಾದದ್ದು ಯಾರಿಂದ ಎಂಬ ಸತ್ಯ, ಇಷ್ಟು ಸಾಕು.

ಗುರುವಾರ ಅವರು ವರದಿ ಕೊಡುವ ಹೊತ್ತಿಗೆ ಒಂದು ರಂಧ್ರ ಮಿತಿಯಿಂದ ಆಚೆಗಿದೆ ಎಂದು ಕೆಂಪಿನಲ್ಲಿ ಬಂದರೆ, "ಇನ್ನೊಮ್ಮೆ ಅಳೆದು ನೋಡಿ" ಎಂಬ ಮಾತು ನಿಮ್ಮ ಬಾಯಿಂದ ಬರಕೂಡದು. ತಮ್ಮ ಅಳತೆಯ ಬಗ್ಗೆ ಅವರಿಗೇ ಅನುಮಾನವಿದ್ದರೆ ಹೇಳದೆಯೇ ಇನ್ನೊಮ್ಮೆ ಅಳೆಯುತ್ತಾರೆ. ಆಗ ಆ ಅಂಕಿಯೊಂದಿಗೇ ಮಾಲು ಕಳಿಸಲು ಗಿರಾಕಿಯ ಒಪ್ಪಿಗೆ ಕೇಳಬೇಕೇ ಎಂಬುದನ್ನು ಗುಣಮಟ್ಟ ವಿಭಾಗದವರು ನಿರ್ಧರಿಸುತ್ತಾರೆ. ನೀವು ಗಾಡಿಯವರಿಗೆ ಫೋನ್ ಮಾಡಿ ಎಷ್ಟು ಹೊತ್ತು ಕಾಯಬಲ್ಲರೆಂದು ಕೇಳಿ. ವರದಿ ಸರಿಯಾಗಿ ಬಂದು ಗಾಡಿ ಹೊರಟರೆ, ಮಷಿನ್ ಶಾಪಿನವರಿಗೆ ಅವರ ಜಾಗ ಬಿಟ್ಟುಕೊಟ್ಟ ಸುದ್ದಿಯನ್ನು ನೀವೇ ಮುಟ್ಟಿಸಿ, ಹೌಸಿಂಗ್‌ಗಳನ್ನು ಅಳತೆ ಕೊಠಡಿಯಿಂದ ಅಂದೇ ತೆಗೆಸಿ. ಬೇರೆಯವರ ತುಂಡುಗಳು ವಾರಗಟ್ಟಲೆ ಆ ಮೇಜಿನ ಮೇಲೆ ಉಳಿಯುವುದು ನಮ್ಮ ಹಳೆಯ ನೋವು.