ಕ್ಲಬ್ಬಿನ ಪುಟಕ್ಕೆ ಬೀಗ ಹಾಕಿದೆ, ರೀಸೆಟ್ ಲಿಂಕ್ ತೆರೆದೇ ಇತ್ತು

ಪ್ರಶ್ನೆ: ನಮ್ಮದು 70 ಜನರ ಟ್ರೆಕ್ಕಿಂಗ್ ಕ್ಲಬ್. ಸದಸ್ಯರಿಗೆ ಮಾತ್ರ ಕಾಣುವ ಪುಟಗಳನ್ನು ಪಿಎಚ್‌ಪಿಯಲ್ಲಿ ನಾನೇ ಬರೆಯುತ್ತಿದ್ದೇನೆ. ಪಾಸ್‌ವರ್ಡ್ ಎಷ್ಟು ಗಟ್ಟಿ ಇರಬೇಕು ಅಂತ ನಿಯಮ ಇಡಲಿ?

ಪಾಸ್‌ವರ್ಡ್ ನಿಯಮ ಬಿಡಿ. ನಾನೂ ಅಲ್ಲಿಂದಲೇ ಶುರು ಮಾಡಿ ಪೆಟ್ಟು ತಿಂದವನು.

ನಮ್ಮದು ಹಕ್ಕಿ ನೋಡುವವರ ಕ್ಲಬ್. ಮಂಗಟ್ಟೆ ಗೂಡು ಮಾಡಿರುವ ಮರಗಳ ಪಟ್ಟಿ ಸದಸ್ಯರ ಪುಟದಲ್ಲಿತ್ತು. ಹೆಣ್ಣು ಮಂಗಟ್ಟೆ ಪೊಟರೆಯೊಳಗೆ ಸೇರಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಗಂಡು ಸಣ್ಣ ಸೀಳಿನಿಂದ ಹಣ್ಣು ಕೊಡಬೇಕು. ಮರದ ಕೆಳಗೆ ಜನ ಕೂತರೆ ಅದು ಹತ್ತಿರ ಬರಲು ಹೆದರುತ್ತದೆ. ಅದಕ್ಕೇ ಪಟ್ಟಿಯನ್ನು ಗುಟ್ಟಾಗಿ ಇಟ್ಟಿದ್ದೆವು.

ಅಂಕಿ, ಚಿಹ್ನೆ, ದೊಡ್ಡಕ್ಷರ ಎಲ್ಲಾ ಬೇಕು ಅಂತ ನಿಯಮ ಮಾಡಿದೆ. ಎಲ್ಲರೂ ಪಾಸ್‌ವರ್ಡ್ ಮರೆಯತೊಡಗಿದರು. ಆಗ ರೀಸೆಟ್ ಲಿಂಕಿಗೆ ಅವಸರದಲ್ಲಿ ಹೀಗೆ ಬರೆದೆ:

```php
$token = md5($email);
```

ತಪ್ಪು ಈ ಒಂದು ಸಾಲಿನಲ್ಲಿದೆ. ಒಂದೇ ಇಮೇಲ್‌ಗೆ ಯಾವತ್ತೂ ಅದೇ ಉತ್ತರ ಬರುತ್ತದೆ. ಅಂದರೆ ಇವತ್ತು ಕಳಿಸಿದ ಲಿಂಕ್ ಮುಂದಿನ ವರ್ಷವೂ ಕೆಲಸ ಮಾಡುತ್ತದೆ. ಇಮೇಲ್ ಗೊತ್ತಿದ್ದವರು ಲಿಂಕನ್ನು ತಾವೇ ತಯಾರು ಮಾಡಿಕೊಳ್ಳಬಹುದು.

ನಮ್ಮ ಹಿರಿಯರೊಬ್ಬರು ಆ ಮೇಲನ್ನು ಕ್ಲಬ್ಬಿನ ವಾಟ್ಸಾಪ್ ಗುಂಪಿಗೆ ಹಾಕಿ, "ಇದನ್ನು ಒತ್ತಿದ್ರೆ ಏನಾಗುತ್ತೆ?" ಅಂತ ಕೇಳಿದ್ದರು. ತಿಂಗಳುಗಳ ನಂತರ, ಕ್ಲಬ್ ಬಿಟ್ಟಿದ್ದ ಒಬ್ಬರು ಅದೇ ಲಿಂಕ್ ಒತ್ತಿ ಒಳಗೆ ಬಂದರು. "ನನ್ನ ಪಾಸ್‌ವರ್ಡ್ ತಗೊಳ್ತಾ ಇಲ್ಲ ಕಣಪ್ಪ" ಅಂತ ಹಿರಿಯರು ಫೋನ್ ಮಾಡಿದಾಗಲೇ ನನಗೆ ಗೊತ್ತಾಗಿದ್ದು. ಪಾಸ್‌ವರ್ಡ್ ಬದಲಿಸಿಕೊಟ್ಟೆ. ಆದರೂ ಆ ವ್ಯಕ್ತಿ ಒಳಗೇ ಇದ್ದರು, ಏಕೆಂದರೆ ಹಳೆಯ ಸೆಷನ್ ಅಳಿಸಿರಲಿಲ್ಲ. ಆ ವಾರ ಒಂದು ಮರದ ಕೆಳಗೆ ನಾಲ್ಕು ಟ್ರೈಪಾಡ್ ನಿಂತಿದ್ದವು. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಈಗ ಹೀಗಿದೆ:

```php
$token = bin2hex(random_bytes(32));
$saved = hash('sha256', $token);
```

ಮೊದಲನೆಯದು ಮೇಲ್‌ನಲ್ಲಿ ಹೋಗುತ್ತದೆ. ಎರಡನೆಯದು ಮಾತ್ರ, ಕಳಿಸಿದ ಸಮಯದ ಜೊತೆ, ಡೇಟಾಬೇಸ್‌ನಲ್ಲಿ ಉಳಿಯುತ್ತದೆ. 30 ನಿಮಿಷ ಆಯುಸ್ಸು, ಒಂದೇ ಸಲ ಬಳಕೆ. ಆದರೆ ಲಿಂಕ್ ತೆರೆದ ಕೂಡಲೇ ಟೋಕನ್ ಅಳಿಸಬೇಡಿ. ಕೆಲವು ಮೇಲ್ ಸರ್ವರ್‌ಗಳು ಲಿಂಕ್ ಸುರಕ್ಷಿತವೇ ಅಂತ ತಾವೇ ಮೊದಲು ತೆರೆದು ನೋಡುತ್ತವೆ. ಆಮೇಲೆ ಪಾಪ ಸದಸ್ಯರಿಗೆ "ಲಿಂಕ್ ಮುಗಿದಿದೆ" ಅಂತ ಬರುತ್ತದೆ. ಅವರು ಫಾರ್ಮ್‌ನ ಬಟನ್ ಒತ್ತಿದ ಮೇಲೆ ಅಳಿಸಿ. ಜೊತೆಗೇ ಆ ಸದಸ್ಯರ ಎಲ್ಲ ಸೆಷನ್‌ಗಳನ್ನೂ ಕಿತ್ತುಹಾಕಿ.

ನನ್ನನ್ನು ಕೇಳಿದರೆ 70 ಜನಕ್ಕೆ ಪಾಸ್‌ವರ್ಡೇ ಬೇಡ. ತಿಂಗಳಿಗೊಮ್ಮೆ ಬರುವವರು ಹೇಗೂ ಮರೆತು ಮೇಲ್‌ಗೇ ಹೋಗುತ್ತಾರೆ ಅಲ್ವಾ? ಇದೇ ಥರದ ಲಿಂಕನ್ನೇ ಲಾಗಿನ್‌ಗೆ ಕಳಿಸಿ. ಇನ್ನು ಯಾರು ಸದಸ್ಯರು ಅನ್ನೋದನ್ನು ಲಾಗಿನ್ ಹೊತ್ತಿನಲ್ಲಿ ಮಾತ್ರ ನೋಡಿದರೆ ಸಾಲದು, ಪ್ರತಿ ಪುಟ ತೆರೆಯುವಾಗಲೂ ನೋಡಿ. ಚಂದಾ ನಿಲ್ಲಿಸಿದವರ ಹೆಸರು ಬೆಳಿಗ್ಗೆ ತೆಗೆದರೆ, ಅವರ ಮುಂದಿನ ಕ್ಲಿಕ್ಕಿಗೇ ಬಾಗಿಲು ಮುಚ್ಚಬೇಕು.