ಹನ್ನೆರಡು ಗಂಟೆ ಕೇಳಿದ ಪತ್ರ

ಎಸ್ಸೆಸ್ಸೆಲ್ಸಿ ವರ್ಷ ಬಂತೆಂದರೆ ನನ್ನ ಕೌನ್ಸೆಲಿಂಗ್ ಕೋಣೆಗೆ ಒಂದೇ ಜಗಳ ಬೇರೆ ಬೇರೆ ಮನೆಗಳಿಂದ ಬರುತ್ತದೆ. ಹುಡುಗ ಮೊಬೈಲ್ ಬಿಡಲ್ಲ, ಅಪ್ಪ ಕಿತ್ತುಕೊಳ್ತಾರೆ, ಅಮ್ಮ ನಡುವೆ ಅಳ್ತಾರೆ. ಕಳೆದ ನವೆಂಬರ್‌ನಲ್ಲಿ ಬಂದ ಮನೆಯವರ ಕೈಯಲ್ಲಿ ಮಾತ್ರ, ಮೊಬೈಲ್ ಆಟಕ್ಕೆ ಹೊತ್ತು ಕೇಳಿ ಮಗ ಬರೆದ ಒಂದು ಪತ್ರ ಇತ್ತು. ಹುಡುಗನನ್ನು ಇಲ್ಲಿ ಸುಹಾಸ್ ಅನ್ನೋಣ. ಹೆಸರು, ಊರು, ಅಪ್ಪನ ಕಸುಬು ಎಲ್ಲ ಬದಲಿಸಿದ್ದೇನೆ.

ಎರಡು ಹಾಳೆಯ ಪತ್ರ. ಕನ್ನಡ ಪರೀಕ್ಷೆಯ ಪತ್ರಲೇಖನಕ್ಕೆ ಕಲಿತ ಧಾಟಿಯಲ್ಲೇ ಬರೆದಿದ್ದ. ‘ತೀರ್ಥರೂಪು ತಂದೆಯವರಿಗೆ ಹಾಗೂ ಮಾತೃಶ್ರೀಯವರಿಗೆ ನಿಮ್ಮ ಮಗ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ.’ ಒಂದೇ ಮನೆ, ಪಕ್ಕದ ಕೋಣೆ! ಅಮ್ಮ ಅದನ್ನು ತೋರಿಸಿ ನಕ್ಕರು. ಅಪ್ಪ ನಗಲಿಲ್ಲ. ಅವರ ಬೆರಳು ಕೆಳಗಿನ ಒಂದು ಸಾಲಿನ ಮೇಲಿತ್ತು: ಸೋಮವಾರದಿಂದ ಶುಕ್ರವಾರ ದಿನಾ ರಾತ್ರಿ 9.30ರಿಂದ 10.30, ಶನಿವಾರ 3 ಗಂಟೆ, ಭಾನುವಾರ 4 ಗಂಟೆ. ‘ವಾರಕ್ಕೆ ಹನ್ನೆರಡು ಗಂಟೆ ಮೇಡಂ! ಪರೀಕ್ಷೆ ಇಟ್ಕೊಂಡು ಹನ್ನೆರಡು ಗಂಟೆ ಕೇಳ್ತಾನೆ.’

ನಾನು ಸುಹಾಸ್‌ನ ಫೋನ್ ಈಸಿಕೊಂಡು ಸೆಟ್ಟಿಂಗ್ಸ್‌ನಲ್ಲಿ ಹಿಂದಿನ ವಾರದ ಲೆಕ್ಕ ತೆಗೆಸಿದೆ. ಆಟವೊಂದೇ 21 ಗಂಟೆ. ಅಪ್ಪನಿಗೆ ಗೊತ್ತೇ ಇರಲಿಲ್ಲ, ಬಹಳಷ್ಟು ಅವರು ಮಲಗಿದ ಮೇಲೆ ನಡೆದದ್ದು. ಹುಡುಗ ತಲೆ ತಗ್ಗಿಸಿ, ‘ಒಂಬತ್ತು ಗಂಟೆ ಬಿಟ್ಟುಕೊಡ್ತೀನಿ ಅಂತಾನೇ ಬರೆದಿದ್ದು ಮೇಡಂ,’ ಅಂದ. ಅವನಿಗೆ ಅದು ತ್ಯಾಗ, ಅಪ್ಪನಿಗೆ ಅದು ಬೇಡಿಕೆ. ನಿಜವಾದ ಅಂಕಿ ಮೊದಲು ಮೇಜಿನ ಮೇಲೆ ಬರದಿದ್ದರೆ ಯಾವ ವೇಳಾಪಟ್ಟಿಯೂ ಚೌಕಾಸಿಯಾಗಿಬಿಡುತ್ತದೆ.

ಅಷ್ಟಾದರೂ ಪತ್ರ ನನಗೆ ಒಪ್ಪಿಗೆಯಾಗಿರಲಿಲ್ಲ. ಗಂಟೆ ಜಾಸ್ತಿ ಅನ್ನೋದು ಆಮೇಲಿನ ಮಾತು. ಗಂಟೆಯಲ್ಲಿ ಅಳೆದದ್ದೇ ತಪ್ಪು ಅನ್ನಿಸಿತು. ‘ಜಗಳ ನಿಖರವಾಗಿ ಯಾವಾಗ ಶುರುವಾಗತ್ತೆ?’ ಅಂತ ಕೇಳಿದೆ.

‘ಅಮ್ಮ ಟೈಮ್ ಆಯ್ತು ಅಂದಾಗ. ಆಗ ನಾನು ಮ್ಯಾಚ್ ನಡುವೆ ಇರ್ತೀನಿ. ಬಿಟ್ಟರೆ ಉಳಿದ ಮೂವರು ನನ್ನಿಂದ ಸೋಲ್ತಾರೆ. ಅಮ್ಮಂಗೆ ಅದು ಆಟ, ನಂಗೆ ಅಲ್ಲಿ ಮೂರು ಜನ ಕಾಯ್ತಿರ್ತಾರೆ.’

ಅಮ್ಮ ಅವನ ಮುಖವನ್ನೇ ನೋಡಿದರು. ‘ಹೌದೇನೋ? ನಾನು ಟಿವಿ ಥರ, ಸುಮ್ನೆ ಆಫ್ ಮಾಡಬಹುದು ಅಂದ್ಕೊಂಡಿದ್ದೆ.’

ಇದು ಎಷ್ಟೋ ಮನೆಗಳಲ್ಲಿ ಗೊತ್ತಿಲ್ಲದ ವಿಷಯ. ಅವನು ಆಡುತ್ತಿದ್ದದ್ದು ಬಿಜಿಎಂಐ, ಮನೆಮಂದಿ ಇನ್ನೂ ಪಬ್‌ಜಿ ಅಂತಲೇ ಕರೆಯೋದು. ನಾಲ್ಕು ಜನರ ಸ್ಕ್ವಾಡ್. ದೊಡ್ಡ ಮ್ಯಾಪ್‌ನಲ್ಲಿ ಕೊನೆಯವರೆಗೂ ಉಳಿದರೆ ಒಂದು ಮ್ಯಾಚ್‌ಗೆ ಹತ್ತಿರ ಹತ್ತಿರ ಅರ್ಧ ಗಂಟೆ. ನಡುವೆ ನಿಲ್ಲಿಸಿಡುವ ಗುಂಡಿ ಇಲ್ಲ. ‘ಒಂದು ಗಂಟೆ’ ಅಂತ ಗೆರೆ ಎಳೆದರೆ ಅದು ಯಾವುದಾದರೊಂದು ಮ್ಯಾಚ್‌ನ ಹೊಟ್ಟೆಯಲ್ಲೇ ಬಂದು ನಿಲ್ಲುತ್ತದೆ. ದಿನಾ ಆಟ ಅಂದರೆ ವಾರಕ್ಕೆ ಏಳು ಸಲ ಆ ಗೆರೆಯ ಮೇಲೆ ಜಗಳ.

ಹಾಗಾಗಿ ಮೂರು ಬದಲಾವಣೆ ಹೇಳಿದೆ. ಲೆಕ್ಕ ಮ್ಯಾಚ್‌ನಲ್ಲಿ ಇರಲಿ. ಆಟ ದಿನಾ ಬೇಡ, ವಾರಕ್ಕೆ ನಾಲ್ಕು ದಿನ ಸಾಕು. ಮತ್ತೆ, ಮುಗಿಸುವ ಹೊತ್ತು ಬರೆಯಬೇಡಿ, ಕೊನೆಯ ಮ್ಯಾಚ್ ಶುರು ಮಾಡುವ ಹೊತ್ತು ಬರೆಯಿರಿ. ಬುಧವಾರ, ಶುಕ್ರವಾರ ಎರಡೆರಡು, ಶನಿವಾರ, ಭಾನುವಾರ ನಾಲ್ಕು ನಾಲ್ಕು, ಒಟ್ಟು 12 ಮ್ಯಾಚ್. ಮ್ಯಾಚ್ ಶುರುವಾಗೋವರೆಗೆ ಲಾಬಿಯಲ್ಲಿ ಕಾಯೋದೂ ಸೇರಿ ಸುಮಾರು 7 ಗಂಟೆ. ಹನ್ನೆರಡು ಅನ್ನೋ ಅಂಕಿ ಅವನದ್ದೇ ಉಳಿಯಿತು, ಅದಕ್ಕೆ ಹುಡುಗ ಸ್ವಲ್ಪ ನಕ್ಕ. ಬುಧ, ಶುಕ್ರ 8.50 ಆದಮೇಲೆ ಹೊಸ ಮ್ಯಾಚ್ ಇಲ್ಲ. 9.30ಕ್ಕೆ ಫೋನ್ ಅಡುಗೆಮನೆಯಲ್ಲಿ ಚಾರ್ಜಿಗೆ. ಅವನ ಸ್ನೇಹಿತರು ಟ್ಯೂಷನ್ ಮುಗಿಸಿ ಎಂಟು ಗಂಟೆಗೆ ಮನೆ ಸೇರುತ್ತಾರಂತೆ. ಒಂಬತ್ತೂವರೆವರೆಗೆ ಕಾಯುವ ಅಗತ್ಯವೇ ಇರಲಿಲ್ಲ, ಯಾರೂ ಕೇಳಿರಲಿಲ್ಲ ಅಷ್ಟೇ.

‘ಮ್ಯಾಪ್‌ನಲ್ಲಿ ಇಳಿದ ತಕ್ಷಣ ಸತ್ತರೆ? ಎರಡೇ ನಿಮಿಷ ಆಗಿರತ್ತೆ. ಅದೂ ಒಂದು ಮ್ಯಾಚಾ?’ ಅಂತ ನಾನೇ ಕೇಳಿದೆ. ಅಪ್ಪ ‘ಪಾಪ, ಅದನ್ನ ಬಿಡಿ’ ಅನ್ನುವ ಹಾಗಿದ್ದರು. ಸುಹಾಸ್ ಸ್ವಲ್ಪ ಹೊತ್ತು ಯೋಚಿಸಿ ಹೇಳಿದ: ‘ಅದೂ ಲೆಕ್ಕಕ್ಕೆ ಬರಬೇಕು ಮೇಡಂ. ಇಲ್ಲಾಂದ್ರೆ ಸತ್ತಷ್ಟೂ ಆಟ ಜಾಸ್ತಿ ಸಿಗತ್ತೆ.’ ಅವನ ಅಪ್ಪ ಅವತ್ತು ಮೊದಲ ಸಲ ಮಗನನ್ನು ನೇರವಾಗಿ ನೋಡಿದರು. ನನ್ನ ಮಟ್ಟಿಗೆ ಕೆಲಸ ಆದದ್ದು ಅಲ್ಲೇ.

ಎರಡು ಕಡೆ ಅಪ್ಪನ ಜೊತೆ ವಾದವಾಯಿತು. ಕಿರುಪರೀಕ್ಷೆಯಲ್ಲಿ ಇಷ್ಟು ಅಂಕ ಬಂದರೆ ಮಾತ್ರ ಆಟ ಅಂತ ಅವರ ಷರತ್ತು. ಬೇಡ ಅಂದೆ. ಅಂಕ ಅವನ ಕೈಯಲ್ಲಿಲ್ಲ, ಕೂತು ಓದುವುದು ಕೈಯಲ್ಲಿದೆ. ಸಂಜೆ ಆರರಿಂದ ಎಂಟು ಓದು ಮುಗಿದಿದೆಯಾ ಅನ್ನೋದಷ್ಟೇ ನೋಡಿ. ಇನ್ನೊಂದು ವಾದ ಪತ್ರದ ಕೊನೆಯ ಸಾಲಿನ ಮೇಲೆ: ‘ಫೆಬ್ರವರಿ 1ರಿಂದ ಆಟ ಪೂರ್ತಿ ಬಂದ್.’ ಅಪ್ಪನಿಗೆ ಇಡೀ ಪತ್ರದಲ್ಲಿ ಹಿಡಿಸಿದ್ದು ಅದೊಂದೇ. ನಾನು ಅದನ್ನೇ ಹೊಡೆದುಹಾಕಿಸಿದೆ. ‘ನೀವೇ ಆಡು ಅಂತೀರಲ್ಲ ಮೇಡಂ!’ ಅಂತ ಅವರಿಗೆ ಸಿಟ್ಟೇ ಬಂತು. ನನ್ನ ಜೊತೆ ಕೆಲಸ ಮಾಡುವ ಕೆಲವರೂ ಇದನ್ನೇ ಹೇಳುತ್ತಾರೆ. ಆದರೆ ಅಪ್ಪ ಅಮ್ಮನನ್ನು ಖುಷಿಪಡಿಸಲು ಕೊಟ್ಟ ಪೂರ್ತಿ ಬಂದ್ ಮಾತು ಒಂದು ದಿನ ಮುರಿಯಿತು ಅಂದರೆ, ‘ಹೇಗೂ ಮುರೀತಲ್ಲ’ ಅಂತ ಆ ವಾರವಿಡೀ ಹೋದದ್ದನ್ನು ನೋಡಿದ್ದೇನೆ. ಫೆಬ್ರವರಿಯಿಂದ ಶನಿವಾರ, ಭಾನುವಾರ ಎರಡೆರಡು ಮ್ಯಾಚ್, ಪರೀಕ್ಷೆಯ ಹಿಂದಿನ ದಿನ ಇಲ್ಲ ಅಂತ ಬರೆಸಿದೆ. ಚಿಕ್ಕ ಮಾತು, ಉಳಿಸಿಕೊಳ್ಳಬಹುದಾದ ಮಾತು.

ಎಲ್ಲ ಮನೆಗೂ ಈ ಪತ್ರ ನಡೆಯಲ್ಲ. ಆಟಕ್ಕಾಗಿ ಶಾಲೆ ತಪ್ಪಿಸೋದು, ಮನೆಯಲ್ಲಿ ದುಡ್ಡು ತೆಗೆಯೋದು, ಫೋನ್ ಕಿತ್ತುಕೊಂಡರೆ ಕೈ ಮಾಡೋದು, ರಾತ್ರಿಗಟ್ಟಲೆ ನಿದ್ದೆಯಿಲ್ಲದೆ ತಿಂಗಳುಗಳು ಹೀಗೇ ಸಾಗೋದು ಇದ್ದರೆ ವೇಳಾಪಟ್ಟಿ ಬರೆಯುತ್ತಾ ಕೂರಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಆಟದ ಚಟಕ್ಕೆ ಬೇರೆ ಹೆಸರೇ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಚಟಗಳಿಗೆಂದೇ ‘ಶಟ್’ ಕ್ಲಿನಿಕ್ ಇದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸುಹಾಸ್‌ನದು ಹಾಗಿರಲಿಲ್ಲ. ಶಾಲೆಗೆ ಹೋಗುತ್ತಿದ್ದ, ಫುಟ್‌ಬಾಲ್ ಬಿಟ್ಟಿರಲಿಲ್ಲ, ನಿದ್ದೆ ಮಾತ್ರ ಹಾಳಾಗಿತ್ತು.

ಮೂರನೇ ಭಾನುವಾರ ನಾಲ್ಕರ ಬದಲು ಏಳು ಮ್ಯಾಚ್ ಆಡಿದ. ಅಪ್ಪ ಫೋನ್ ಮಾಡಿ, ‘ಅನ್‌ಇನ್‌ಸ್ಟಾಲ್ ಮಾಡಿಬಿಡ್ತೀನಿ’ ಅಂದರು. ಅದರಿಂದ ಏನೂ ಆಗಲ್ಲ, ಅಕೌಂಟ್ ಹಾಗೇ ಇರುತ್ತದೆ, ಸಂಜೆಯೊಳಗೆ ಮತ್ತೆ ಹಾಕಿಕೊಳ್ಳುತ್ತಾನೆ. ಪತ್ರದಲ್ಲಿ ಏನು ಬರೆದಿದೆ ನೋಡಿ ಅಂದೆ. ಮೀರಿದಷ್ಟು ಮ್ಯಾಚ್ ಮುಂದಿನ ದಿನಗಳಿಂದ ಕಳೆಯಬೇಕು ಅಂತ ಮೊದಲೇ ಬರೆಸಿದ್ದೆ. ಬುಧವಾರದ ಎರಡೂ ಹೋಯಿತು, ಶುಕ್ರವಾರದ್ದು ಒಂದು ಹೋಯಿತು. ಬೈಗುಳ ಇರಲಿಲ್ಲ. ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಅವನೇ ಗೀಟು ಹಾಕಿದ.

ಅಂಕ ಎಷ್ಟು ಬಂತು ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯಲ್ಲ, ಬರೆದರೆ ಓದುವವರು ಅದೊಂದನ್ನೇ ಹಿಡಿದುಕೊಳ್ಳುತ್ತಾರೆ. ಫೆಬ್ರವರಿಯಲ್ಲಿ ಅಮ್ಮ ಪತ್ರದ ಫೋಟೊ ಕಳಿಸಿದ್ದರು. ತಿದ್ದಿದ ಪಟ್ಟಿಯ ಕೆಳಗೆ ಅಪ್ಪನ ಅಂಗಡಿ ಬಿಲ್ಲಿನ ಅಕ್ಷರ: ‘ಒಪ್ಪಿದೆ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಅಂಗಡಿಗೆ ಬರಬೇಕು.’ ಅದರ ಕೆಳಗೆ ಪೆನ್ಸಿಲ್‌ನಲ್ಲಿ ಮಗ ಬರೆದಿದ್ದ: ‘ಅರ್ಧ ಗಂಟೆ?’